ಜ್ವರ ಬಿಟ್ಟ ಮೇಲಿನ ಎರಡು ದಿನ

ಬೆಂಗಳೂರಲ್ಲಿ ಮಳೆ ಶುರುವಾದರೆ ನಮ್ಮ ಕ್ಲಿನಿಕ್‌ಗೆ ಜ್ವರದವರು ಜಾಸ್ತಿ. ಡೆಂಗಿ ಆದರೂ ಹೆಚ್ಚಿನವರು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಡೆಂಗಿಯಲ್ಲಿ ತೊಂದರೆ ಬರುವುದಿದ್ದರೆ, ಅದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, 3ರಿಂದ 7ನೇ ದಿನದೊಳಗೆ. ಸೋಮವಾರ ಮಲಗಿದವರು ಶುಕ್ರವಾರ ಮೈ ತಣ್ಣಗಾಯ್ತು ಅಂತ ಆಫೀಸಿಗೆ ಹೊರಡುತ್ತಾರೆ, ಅಲ್ವಾ? ದಯವಿಟ್ಟು ಇನ್ನೆರಡು ದಿನ ಮನೆಯಲ್ಲೇ ಇರಿ. ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಿ. 6 ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿರಬೇಕು. ಅದು ಕಡಿಮೆಯಾದರೆ, ಹೊಟ್ಟೆನೋವು ಬಿಡದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಒಸಡಿನಲ್ಲಿ ರಕ್ತ ಕಂಡರೆ ಅಥವಾ ಎದ್ದು ನಿಲ್ಲಲಾಗದಷ್ಟು ಸುಸ್ತಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಮೈಕೈ ನೋವಿಗೆ ಅಂತ ಐಬುಪ್ರೊಫೇನ್ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಸುಮ್ನೆ ನಿಲ್ಲಿಸದೆ ನಿಮ್ಮ ಡಾಕ್ಟರನ್ನು ಕೇಳಿ.