ಕಥೆಯಂತೆ ಬರೆದಿದ್ದ ಸೀನ್ ಸರಿ ಮಾಡಿದ್ದು ಹೀಗೆ

ನನ್ನ ಮೊದಲ ಚಿತ್ರಕಥೆಯ ಎರಡನೇ ಸೀನ್ ಓದಿದ ಗೆಳೆಯ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಕ್ಯಾಮೆರಾದಲ್ಲಿ ಹೇಗೆ ತೋರಿಸ್ತೀಯ?" ನಾನು ಬರೆದಿದ್ದು ಹೀಗಿತ್ತು: "ಅಪ್ಪ ಸತ್ತ ಮೇಲೆ ರವಿಗೆ ಆ ಮನೆ ಬೇಡವಾಗಿತ್ತು, ಅಕ್ಕನ ಮೇಲೆ ಹಳೇ ಸಿಟ್ಟೂ ಇತ್ತು." ಓದೋಕೆ ಪರವಾಗಿಲ್ಲ, ಆದರೆ ತೆರೆಯ ಮೇಲೆ ಕಾಣುವಂಥದ್ದು ಒಂದೂ ಇಲ್ಲ ಅಲ್ವಾ? ತಿದ್ದಿದ ಮೇಲೆ ಹೀಗಾಯಿತು:

```
ಒಳಾಂಗಣ. ಅಪ್ಪನ ಕೋಣೆ - ರಾತ್ರಿ

ರವಿ ಬಾಗಿಲಲ್ಲೇ ನಿಲ್ಲುತ್ತಾನೆ. ಬ್ಯಾಗ್ ಕೆಳಗಿಡುವುದಿಲ್ಲ.
ಅಕ್ಕ ಅಪ್ಪನ ಶರ್ಟ್ ಮಡಚುತ್ತಿದ್ದಾಳೆ.

            ರವಿ
      ಬೀಗದ ಕೈ ಯಾರ ಹತ್ರ ಇರತ್ತೆ?
```

ಮನೆ ಬೇಡ ಅನ್ನೋದು ಕೆಳಗಿಡದ ಆ ಬ್ಯಾಗಿನಲ್ಲಿದೆ, ಸಿಟ್ಟು ಆ ಪ್ರಶ್ನೆಯಲ್ಲಿದೆ. ತೆರೆಯ ಮೇಲೆ ಏನು ನಡೆಯುತ್ತೆ ಅಂತ ಹೇಳುವ ಆ್ಯಕ್ಷನ್ ಸಾಲಿಗೆ ನಾನು ಇಟ್ಟುಕೊಂಡ ಪರೀಕ್ಷೆ ಇಷ್ಟೇ: ಕಣ್ಣಿಗೆ ಕಾಣುತ್ತಾ, ಕಿವಿಗೆ ಕೇಳುತ್ತಾ? ಇಲ್ಲದಿದ್ದರೆ ಹೊಡೆದುಹಾಕು. ಕ್ರಿಯಾಪದ ವರ್ತಮಾನದಲ್ಲೇ ಇರಬೇಕು, ಮೂರ್ನಾಲ್ಕು ಸಾಲಿಗೊಂದು ಪ್ಯಾರಾ ಸಾಕು.

ಸೀನ್ ಶೀರ್ಷಿಕೆ, ಅಂದರೆ "ಒಳಾಂಗಣ. ಅಪ್ಪನ ಕೋಣೆ - ರಾತ್ರಿ" ಅನ್ನೋ ಮೊದಲ ಸಾಲು, ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಅಕ್ಕ ಅಡುಗೆಮನೆಗೆ ಹೋದಾಗಲೂ ಹಳೇ ಶೀರ್ಷಿಕೆಯಲ್ಲೇ ಮುಂದುವರಿಸಿದ್ದೆ, ಹಾಗಾಗಿ ಚಿತ್ರೀಕರಣದ ಪಟ್ಟಿ ಮಾಡುವವರಿಗೆ ಅದು ಇನ್ನೊಂದು ಜಾಗ ಅಂತ ಗೊತ್ತೇ ಆಗುತ್ತಿರಲಿಲ್ಲ. ಜಾಗ ಅಥವಾ ಹೊತ್ತು ಬದಲಾದರೆ ಹೊಸ ಶೀರ್ಷಿಕೆ.

ಮಾತಿನ ಭಾಗದಲ್ಲಿ ಹೆಸರು ಮೇಲೆ, ಮಾತು ಅದರ ಕೆಳಗೆ, ಎರಡೂ ಬದಿ ಜಾಗ ಬಿಟ್ಟು. ಹೀಗೆ ಜೋಡಿಸಿದಾಗಲೇ ಗೊತ್ತಾಗಿದ್ದು, ಅಕ್ಕನ ಒಂದು ಮಾತು ಹನ್ನೊಂದು ಸಾಲು ಇತ್ತು! ಎರಡಕ್ಕೆ ಇಳಿಸಿದೆ. "(ಕೋಪದಿಂದ)" ಅನ್ನೋದನ್ನೂ ಎಲ್ಲಾ ಕಡೆ ತೆಗೆದೆ, ಒಂದು ಕಡೆ ಬಿಟ್ಟು. ಅಲ್ಲಿ ಅವಳು ನಗುತ್ತಲೇ ಬೈಯುತ್ತಾಳೆ, ಹೇಳದಿದ್ದರೆ ನಟಿಗೆ ತಿಳಿಯುವುದಿಲ್ಲ.