ದೀಪಾವಳಿ ಡಬ್ಬಿ ಮನೆಗೇ ಬಂದರೆ: ವೆಂಡರ್ ಉಡುಗೊರೆಯನ್ನು ಮನಸ್ಸು ಮುರಿಯದೆ ಹಿಂದಿರುಗಿಸುವ ಬಗೆ

ಪುಣೆಯ ಚಾಕಣ, ಭೋಸರಿ, ಪಿಂಪರಿ ಕಡೆಯ ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಇರುವ ಕನ್ನಡಿಗರಿಗೆ ಧನತ್ರಯೋದಶಿಯ ಆಸುಪಾಸಿನಲ್ಲಿ ಒಂದು ಪೇಚು ತಪ್ಪುವುದಿಲ್ಲ. ಮಾಲು ಪೂರೈಸುವವರಲ್ಲಿ ಬೆಳಗಾವಿ, ನಿಪ್ಪಾಣಿ ಕಡೆಯವರೂ ಇರುತ್ತಾರೆ. ಮಾತು ಕನ್ನಡದಲ್ಲಿ, ಊರಿನ ಸುದ್ದಿಯೂ ಒಂದೇ. ಹಾಗಾಗಿ ಅವರ ಡಬ್ಬಿ ಆಫೀಸಿಗೆ ಬರದೆ ನೇರವಾಗಿ ಮನೆಗೇ ಬರುತ್ತದೆ. ಹೊರಗಿನವರಿಗೆ ಸಲೀಸಾಗಿ ಹೇಳಬಹುದಾದ ‘ಬೇಡ’ ಇಲ್ಲಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ಚಾಕಣದ ಕಾರ್ಖಾನೆಯೊಂದಕ್ಕೆ ರಟ್ಟಿನ ಪೆಟ್ಟಿಗೆ ಪೂರೈಸುವ ನಿಪ್ಪಾಣಿಯ ವೆಂಡರ್ ಒಬ್ಬರು ಖರೀದಿ ಎಂಜಿನಿಯರ್ ಮನೆಗೆ ಡಬ್ಬಿ ಕಳಿಸುತ್ತಾರೆ. ಎಂಜಿನಿಯರ್ ಸೆಕೆಂಡ್ ಶಿಫ್ಟ್‌ನಲ್ಲಿದ್ದಾರೆ, ಹೆಂಡತಿ ಬಾಗಿಲಲ್ಲಿ ತೆಗೆದುಕೊಂಡಿದ್ದಾರೆ. ಒಳಗೆ ಗೋಡಂಬಿ, ಬಾದಾಮಿ, ಅರ್ಧ ಕಿಲೋ ಬೆಳಗಾವಿ ಕುಂದಾ, ಅದರ ಕೆಳಗೆ 20 ಗ್ರಾಂನ ಬೆಳ್ಳಿ ನಾಣ್ಯ. ಕಂಪನಿಯ ನಿಯಮದಂತೆ ಒಬ್ಬ ವೆಂಡರ್‌ನಿಂದ ವರ್ಷಕ್ಕೆ 1,500 ರೂಪಾಯಿಯವರೆಗಿನ ಉಡುಗೊರೆ ಪಡೆಯಬಹುದು. ಆದರೆ ನಗದು, ಚಿನ್ನ, ಬೆಳ್ಳಿ, ಗಿಫ್ಟ್ ಕಾರ್ಡ್ ಎಷ್ಟೇ ಬೆಲೆಯದಾದರೂ ಕೂಡದು. ಪೆಟ್ಟಿಗೆಯ ದರ ಒಪ್ಪಂದ ಜನವರಿಗೆ ನವೀಕರಣಕ್ಕೆ ಬರುತ್ತದೆ.

ಮೊದಲು ನಿಮ್ಮ ಕಂಪನಿಯ ನಿಯಮಾವಳಿಯಲ್ಲಿ ಮೂರು ವಿಷಯ ಹುಡುಕಿ. ಮಿತಿ ಒಂದು ಸಲಕ್ಕೋ, ಇಡೀ ವರ್ಷಕ್ಕೋ? ಮನೆಯವರ ಕೈಗೆ ಕೊಟ್ಟದ್ದೂ ನಿಮಗೆ ಕೊಟ್ಟ ಲೆಕ್ಕವೋ? ದರದ ಮಾತುಕತೆ ನಡೆಯುವಾಗ ಆ ಮಿತಿ ಅನ್ವಯಿಸುತ್ತದೆಯೋ? ಮಿತಿಯ ಮೊತ್ತ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆದರೆ ಮನೆಯವರು ಪಡೆದದ್ದನ್ನೂ ನೌಕರರ ಲೆಕ್ಕಕ್ಕೇ ಹಿಡಿಯುವುದು, ಟೆಂಡರ್ ಅಥವಾ ದರ ನಿರ್ಧಾರದ ಹೊತ್ತಿನಲ್ಲಿ ಚಿಕ್ಕ ಉಡುಗೊರೆಯನ್ನೂ ನಿಷೇಧಿಸುವುದು ಬಹಳ ಕಡೆ ಇದೆ. ಸರ್ಕಾರಿ ಬ್ಯಾಂಕ್ ಅಥವಾ ಸಾರ್ವಜನಿಕ ವಲಯದ ಕಂಪನಿಯ ನೌಕರರಾದರೆ ವಿಷಯ ಕಂಪನಿ ನಿಯಮಕ್ಕೇ ಮುಗಿಯುವುದಿಲ್ಲ, 1988ರ ಭ್ರಷ್ಟಾಚಾರ ತಡೆ ಕಾಯ್ದೆಯೂ ಅನ್ವಯಿಸುತ್ತದೆ.

ಡಬ್ಬಿ ಬಂದ ದಿನವೇ ಅದರ ಫೋಟೊ ತೆಗೆಯಿರಿ. ತೆರೆಯದಿದ್ದರೆ ತೆರೆಯಬೇಡಿ. ತೆರೆದಾಗಿದ್ದರೆ ಒಳಗಿನ ಪ್ರತಿ ವಸ್ತು ಕಾಣುವಂತೆ ಇನ್ನೊಂದು ಫೋಟೊ ತೆಗೆಯಿರಿ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ: ‘ಗೋಡಂಬಿ, ಕುಂದಾ ಮಿತಿಯೊಳಗೇ ಇವೆ, ನಾಣ್ಯವನ್ನಷ್ಟೇ ವಾಪಸ್ ಕೊಟ್ಟರಾಯಿತು’ ಎಂಬ ಲೆಕ್ಕ. ಒಂದೇ ಡಬ್ಬಿಯಲ್ಲಿ ಬಂದದ್ದು ಒಂದೇ ಉಡುಗೊರೆ. ಅರ್ಧ ಇಟ್ಟುಕೊಂಡರೆ ಡಬ್ಬಿಯನ್ನು ಸ್ವೀಕರಿಸಿದಂತಾಗುತ್ತದೆ. ನಾಣ್ಯ ವಾಪಸಾದದ್ದಕ್ಕೆ ಬರಹದ ಪುರಾವೆ ಇಲ್ಲದಿದ್ದರೆ ಅದೂ ನಿಮ್ಮ ತಲೆಗೇ ಬರುತ್ತದೆ.

ಅದೇ ಸಂಜೆ ಫೋನ್ ಮಾಡಿ, ನಂತರ ಬರಹದಲ್ಲೂ ತಿಳಿಸಿ. ಫೋನು ಮರ್ಯಾದೆಗೆ, ಬರಹ ದಾಖಲೆಗೆ. ಫೋನಿನಲ್ಲಿ ಊರಿನ ಮಾತೇ ಇರಲಿ: ‘ಅಣ್ಣಾರ, ಹಬ್ಬಕ್ಕ ನೆನಪ ಮಾಡಿದ್ರಿ, ಭಾಳ ಖುಷಿ ಆತು. ಆದ್ರ ವೆಂಡರ್ ಕಡಿಂದ ಇಂಥಾ ಡಬ್ಬಿ ತಗೊಳ್ಳೂಹಂಗಿಲ್ಲ ಅಂತ ನಮ್ಮ ಕಂಪನಿ ನಿಯಮ ಐತ್ರಿ. ನಾಳೆ ಆಫೀಸಿನಿಂದನ ವಾಪಸ್ ಕಳಸ್ತೀವಿ. ತಪ್ಪ ತಿಳ್ಕೋಬ್ಯಾಡ್ರಿ, ಎಲ್ಲಾ ವೆಂಡರ್‌ಗೂ ಇದ ಮಾತು.’ ಕೊನೆಯ ವಾಕ್ಯವನ್ನು ಬಿಡಬೇಡಿ. ತಮಗೊಬ್ಬರಿಗೇ ಅಲ್ಲ ಎಂದು ತಿಳಿದರೆ ಅವರಿಗೆ ಅವಮಾನ ಅನ್ನಿಸುವುದು ಕಡಿಮೆ.

ನೆಪ ಹೇಳಬೇಡಿ. ‘ನನಗೆ ಶುಗರ್ ಇದೆ’ ಎಂದರೆ ಮುಂದಿನ ವಾರ ಸಿಹಿಯ ಬದಲು ಮಿಕ್ಸರ್ ಗ್ರೈಂಡರ್ ಬರುತ್ತದೆ. ‘ಈಗ ರೇಟ್ ಮಾತುಕತೆ ಇದೆ, ಆಮೇಲೆ ನೋಡೋಣ’ ಎಂದರೆ ಇನ್ನೂ ಕೆಟ್ಟದ್ದು, ಒಪ್ಪಂದ ಆದ ಮೇಲೆ ಕೊಡಿ ಎಂದು ನೀವೇ ಕೇಳಿದ ಹಾಗಾಗುತ್ತದೆ. ‘ಬಾಸ್ ಒಪ್ಪುವುದಿಲ್ಲ’ ಎಂದರೆ ಬಾಸ್‌ಗೆ ಗೊತ್ತಾಗದಂತೆ ಕೊಡುವ ದಾರಿ ಹುಡುಕುತ್ತಾರೆ. ಕಾರಣ ಒಂದೇ ಇರಲಿ, ನಿಯಮ.

ಹಿಂದಿರುಗಿಸುವಾಗ ವೆಂಡರ್‌ನ ಮಾಲು ತಂದ ಟೆಂಪೊ ಡ್ರೈವರ್ ಕೈಗೆ ಡಬ್ಬಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ, ಅಪಾಯವೂ ಅಷ್ಟೇ. ಡಬ್ಬಿ ದಾರಿಯಲ್ಲಿ ಎಲ್ಲೋ ಉಳಿದುಬಿಟ್ಟರೆ, ನೀವು ಇಟ್ಟುಕೊಂಡಿರಿ ಎಂದೇ ಮಾಲೀಕರು ತಿಳಿಯುತ್ತಾರೆ. ಆಫೀಸಿಗೆ ತಂದು, ಅಡ್ಮಿನ್ ವಿಭಾಗದಿಂದ ಕಂಪನಿ ಖರ್ಚಿನಲ್ಲಿ ಕೊರಿಯರ್ ಮಾಡಿಸಿ. ಪೆಟ್ಟಿಗೆಯ ಜೊತೆ ಒಳಗಿರುವ ವಸ್ತುಗಳ ಪಟ್ಟಿ ಇಡಿ, ತಲುಪಿದ ರಸೀದಿಯನ್ನು ಉಳಿಸಿಕೊಳ್ಳಿ. ಕುಂದಾ ಬೇಗ ಕೆಡುವ ಹಾಲಿನ ಸಿಹಿ. ಅದನ್ನು ವಾಪಸ್ ಕಳಿಸುವುದರಲ್ಲಿ ಅರ್ಥವಿಲ್ಲ ಅನ್ನಿಸಿದರೆ ನೀವೇ ತೀರ್ಮಾನಿಸಬೇಡಿ. ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗದವರ ಬರಹದ ಒಪ್ಪಿಗೆ ಪಡೆದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹಂಚಬಹುದು. ಹಾಗೆ ಮಾಡಿದರೆ ವೆಂಡರ್‌ಗೂ ಅದನ್ನು ತಿಳಿಸಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಕುಂದಾ ಯಾಕಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ಕಂಪ್ಲಯನ್ಸ್‌ಗೆ ಕಳಿಸುವ ಮೇಲ್ ಉದ್ದ ಬೇಕಿಲ್ಲ. ಯಾರು ಕಳಿಸಿದರು, ಯಾವ ದಿನ ಎಲ್ಲಿಗೆ ಬಂತು, ಯಾರು ತೆಗೆದುಕೊಂಡರು, ಒಳಗೇನಿತ್ತು, ಈ ವೆಂಡರ್ ಜೊತೆ ಈಗ ಯಾವ ನಿರ್ಧಾರ ಬಾಕಿ ಇದೆ, ಏನು ಮಾಡಿದಿರಿ. ಫೋಟೊ, ರಸೀದಿ ಲಗತ್ತಿಸಿ. ಬಾಕಿ ಇರುವ ನಿರ್ಧಾರದ ವಿಷಯವನ್ನು ಬಹಳ ಜನ ಬರೆಯುವುದೇ ಇಲ್ಲ. ಆದರೆ ಡಬ್ಬಿಯ ತೂಕ ನಿಜವಾಗಿ ಗೊತ್ತಾಗುವುದು ಅದರಿಂದಲೇ. ‘ಹೆಂಡತಿ ತಿಳಿಯದೆ ತೆಗೆದುಕೊಂಡರು’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅದೇ ದಿನ ನೀವೇ ತಿಳಿಸಿದರೆ ಅದು ವರದಿ. ಆರು ತಿಂಗಳ ನಂತರ ಬೇರೆಯವರ ದೂರಿನಿಂದ ಹೊರಬಿದ್ದರೆ ಅದೇ ವಿಷಯ ವಿಚಾರಣೆಯಾಗುತ್ತದೆ.

ಡಬ್ಬಿ ವಾಪಸಾದ ಮೇಲೆ ವೆಂಡರ್ ಬಹುಶಃ ಫೋನ್ ಮಾಡುತ್ತಾರೆ: ‘ಹಂಗಾರ ವೈನಿ, ಮಕ್ಕಳನ್ನ ಕರ್ಕೊಂಡು ಗೋವಾಕ್ಕರ ಬರ್ರಿ, ನಮ್ಮ ವೆಂಡರ್ ಮೀಟ್ ಐತಿ.’ ಇಲ್ಲಿ ಕಾರ್ಯಕ್ರಮದ ವೇಳಾಪಟ್ಟಿ ಕೇಳಿ ತರಿಸಿಕೊಳ್ಳಿ. ಎರಡು ರಾತ್ರಿಯ ರೆಸಾರ್ಟ್ ವಾಸದಲ್ಲಿ ಕೆಲಸದ ಮಾತು ಎರಡೇ ಗಂಟೆಯದಾದರೆ, ಅಥವಾ ಮನೆಯವರಿಗೂ ಆಹ್ವಾನವಿದ್ದರೆ, ಅದು ಸಭೆಯಲ್ಲ. ಕೆಲಸ ನಿಜವಾಗಿಯೂ ಇದ್ದರೆ ಮೇಲಿನವರ ಒಪ್ಪಿಗೆ ಪಡೆದು, ಪ್ರಯಾಣ ಮತ್ತು ಹೋಟೆಲ್ ಎರಡನ್ನೂ ನಿಮ್ಮ ಕಂಪನಿಯ ಖರ್ಚಿನಲ್ಲಿ ಮಾಡಿಕೊಂಡು ಒಬ್ಬರೇ ಹೋಗಿ. ವೆಂಡರ್‌ನ ಕಾರ್ಖಾನೆಗೆ ಆಡಿಟ್‌ಗೆ ಹೋದಾಗ ಅಲ್ಲಿನ ಕೆಲಸಗಾರರ ಜೊತೆ ಕುಳಿತು ಉಣ್ಣುವ ಥಾಲಿ, ಚಹಾ ಸಾಮಾನ್ಯವಾಗಿ ತಕರಾರಿನ ವಿಷಯವಲ್ಲ. ಅದನ್ನೂ ತಳ್ಳಿದರೆ ನಿಯಮ ಪಾಲಿಸಿದಂತಾಗದು, ಬರೀ ಒರಟುತನವಾಗುತ್ತದೆ.

ಮುಂದಿನ ವರ್ಷ ದಸರೆಗೂ ಮೊದಲೇ ಖರೀದಿ ಮುಖ್ಯಸ್ಥರ ಸಹಿಯಲ್ಲಿ ಎಲ್ಲ ವೆಂಡರ್‌ಗಳಿಗೆ ಒಂದು ಪತ್ರ ಹೋಗಲಿ: ಉಡುಗೊರೆ ಆಫೀಸಿಗೂ ಬೇಡ, ಮನೆಗೂ ಬೇಡ. ಡಬ್ಬಿಗಳ ಆರ್ಡರ್ ಕೊಟ್ಟ ಮೇಲೆ ಪತ್ರ ತಲುಪಿದರೆ ಪ್ರಯೋಜನ ಕಡಿಮೆ. ಮನೆಯಲ್ಲಿಯೂ, ಸೊಸೈಟಿಯ ವಾಚ್‌ಮನ್‌ಗೂ ಒಂದು ಮಾತು ಹೇಳಿಡಿ: ಕಂಪನಿ ಹೆಸರಿನಲ್ಲಿ ಯಾರೇ ಡಬ್ಬಿ ತಂದರೂ ಫೋನ್ ಮಾಡದೆ ತೆಗೆದುಕೊಳ್ಳಬೇಡಿ.