ಪೌಚಿನವರ ಒಪ್ಪಂದವನ್ನು ಜಗಳವಿಲ್ಲದೆ ಮುಗಿಸಿದ್ದು: ನನ್ನ ಅನುಭವ

ಬದಿಯಡ್ಕದ ಹತ್ತಿರ ನಮ್ಮದು ಚಿಪ್ಸ್ ಘಟಕ. ನೇಂದ್ರ ಬಾಳೆ, ಹಲಸು, ಮರಗೆಣಸು ಎಂದು ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಮುದ್ರಿತ ಪೌಚು. ಮುದ್ರಿಸಿ ಕೊಡುತ್ತಿದ್ದವರು ಮಂಗಳೂರು ಕಡೆಯವರು. ಮುದ್ರಣಕ್ಕೆ ಬೇಕಾದ, ವಿನ್ಯಾಸ ಕೆತ್ತಿದ ಉರುಳೆಗಳು, ಅಂದರೆ ಸಿಲಿಂಡರುಗಳು, ಅವರ ಬಳಿಯೇ ಇದ್ದವು. ವರ್ಷಕ್ಕೆ ಎಂಟು ಒಂಬತ್ತು ಲಕ್ಷದ ವ್ಯವಹಾರ. ಅವರಿಗೆ ಎರಡು ತಿಂಗಳ ನೋಟಿಸ್ ಕೊಟ್ಟು, ಒಂದೂ ಬಿರುಸು ಮಾತಿಲ್ಲದೆ ಹೊರಬರುತ್ತೇನೆ ಎಂದಾಗ ನನ್ನ ಬಾವ ನಂಬಲಿಲ್ಲ. "ಅಷ್ಟು ಮೆತ್ತಗೆ ಬರೆದರೆ ಸಿಲಿಂಡರೂ ಬರುವುದಿಲ್ಲ, ಮುಂಗಡವೂ ಬರುವುದಿಲ್ಲ" ಎಂದರು. ಎರಡೂ ಬಂದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೌಚಿನ ವ್ಯವಹಾರದಲ್ಲಿ ನಮ್ಮ ಜುಟ್ಟು ಸಿಲಿಂಡರಿನಲ್ಲಿದೆ. ಐದು ಬಣ್ಣ, ಮೂರು ವಿನ್ಯಾಸ, ಒಟ್ಟು ಹದಿನೈದು ಸಿಲಿಂಡರ್. ಒಂದಕ್ಕೆ ಸುಮಾರು ಐದು ಸಾವಿರದಂತೆ ದುಡ್ಡು ಕೊಟ್ಟವರು ನಾವು, ಇಟ್ಟುಕೊಂಡವರು ಅವರು. ಪಕ್ಕದ ಪಂಚಾಯತಿನ ಹಪ್ಪಳದ ಘಟಕವೊಂದು ತನ್ನ ಪೌಚಿನವರಿಗೆ ವಕೀಲರ ಭಾಷೆಯಲ್ಲಿ "ಕಳಪೆ ಸರಕು, ಒಪ್ಪಂದ ಭಂಗ" ಎಂದು ಬರೆದು, ಬಾಕಿ ಬಿಲ್ಲುಗಳನ್ನೂ ತಡೆಹಿಡಿಯಿತು. ಎದುರಿನವರು ಉದ್ಯಮ್ ನೋಂದಣಿ ಇದ್ದ ಸಣ್ಣ ಉದ್ದಿಮೆಯವರು. ಬಾಕಿ ವಸೂಲಿಗೆ, ಸಣ್ಣ ಉದ್ದಿಮೆಗಳ ಬಾಕಿ ಹಣದ ತಕರಾರು ಕೇಳುವ ಸರ್ಕಾರಿ ಸೌಲಭ್ಯ ಮಂಡಳಿಗೇ ಹೋದರು. ಅಲ್ಲಿ ತಡವಾದ ಹಣಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಅವರಿಗಿದೆ. ಸಿಲಿಂಡರ್ ಮಾತ್ರ ಆರೇಳು ತಿಂಗಳು ಅವರ ಗೋದಾಮಿನಲ್ಲೇ ಉಳಿಯಿತು. ದೂರುವ ಪತ್ರ ಬರೆದವನು ದೂರನ್ನು ಸಾಬೀತು ಮಾಡಬೇಕು, ಸರಿಪಡಿಸಲು ಅವಕಾಶವನ್ನೂ ಕೊಡಬೇಕು. ಅಷ್ಟರಲ್ಲಿ ಒಂದು ಓಣಂ ಕಳೆದುಹೋಗುತ್ತದೆ.

ನಮ್ಮ ಪೌಚಿನವರ ತೊಂದರೆ ಸಣ್ಣದೇನೂ ಆಗಿರಲಿಲ್ಲ. ಮೂರು ವಾರದ ಸರಕು ಐದು, ಆರು ವಾರಕ್ಕೆ ಬರುತ್ತಿತ್ತು. ಎರಡು ಲಾಟಿನಲ್ಲಿ ಪದರಗಳು ಉಗುರಿನಲ್ಲಿ ಎಳೆದರೆ ಬಿಚ್ಚಿಕೊಳ್ಳುತ್ತಿದ್ದವು. ಒಂದರಲ್ಲಿ ಶಾಯಿಯ ದ್ರಾವಕದ ವಾಸನೆ. ನಾನು ಪೌಚನ್ನು ಚೂರು ಮಾಡಿ ಗಾಜಿನ ಬಾಟಲಿಯಲ್ಲಿ ಮುಚ್ಚಿ, ಅರ್ಧ ಗಂಟೆ ಬಿಸಿಲಿಗಿಟ್ಟು ಮುಚ್ಚಳ ತೆರೆದು ಮೂಸುತ್ತೇನೆ. ವಾಸನೆ ಮೂಗಿಗೆ ರಪ್ಪನೆ ಬಡಿದರೆ ಆ ಲಾಟು ಚಿಪ್ಸಿಗೆ ಆಗುವುದಿಲ್ಲ. ಬೆಸುಗೆ ನೋಡಲು ಗಾಳಿ ತುಂಬಿ ಮುಚ್ಚಿದ ಪೌಚನ್ನು ಬಕೆಟಿನ ನೀರಿನಲ್ಲಿ ಅದುಮಿದರೆ ಸಾಕು, ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ಇವನ್ನೆಲ್ಲ ನಾನು ಒಪ್ಪಂದ ಮುಗಿಸುವ ಪತ್ರಕ್ಕೆ ತರಲಿಲ್ಲ. ಪ್ರತಿ ಕೆಟ್ಟ ಲಾಟಿಗೆ ಆಗಿಂದಾಗಲೇ, ಸರಕು ತಲುಪಿದ ಹದಿನೈದು ದಿನದೊಳಗೆ, ಲಾಟ್ ಸಂಖ್ಯೆ ಮತ್ತು ಫೋಟೋ ಸಹಿತ ಇಮೇಲಿನಲ್ಲಿ ಆಕ್ಷೇಪ ಕಳಿಸಿದ್ದೆ. ಸಣ್ಣ ಉದ್ದಿಮೆಗಳ ಕಾಯಿದೆಯಲ್ಲಿ ಆ ಹದಿನೈದು ದಿನಕ್ಕೆ ಬೆಲೆಯಿದೆ: ಅಷ್ಟರೊಳಗೆ ಲಿಖಿತ ಆಕ್ಷೇಪ ಹೋಗದಿದ್ದರೆ ಸರಕು ಒಪ್ಪಿಕೊಂಡಂತೆಯೇ. ಆಕ್ಷೇಪವಿಲ್ಲದ ಬಿಲ್ಲುಗಳನ್ನು ನಲವತ್ತೈದು ದಿನ ಮೀರದಂತೆ ಕಟ್ಟಿದೆ. ಹಣ ತಡೆಹಿಡಿದು ಬಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ಮಾಡಿದ ಕೂಡಲೇ ತಕ್ಕಡಿ ಅವರ ಕಡೆ ವಾಲುತ್ತದೆ.

ನಮ್ಮ ಒಪ್ಪಂದದಲ್ಲಿ ಮುಗಿಸಲು ಎರಡು ದಾರಿ ಇತ್ತು. ಒಂದು ಒಪ್ಪಂದ ಭಂಗದ ಮೇಲೆ. ಇನ್ನೊಂದು ಕಾರಣ ಹೇಳದೆ, ಯಾರೇ ಆಗಲಿ ಅರುವತ್ತು ದಿನದ ಲಿಖಿತ ನೋಟಿಸ್ ಕೊಟ್ಟು. ನಾನು ಎರಡನೆಯದನ್ನು ಹಿಡಿದೆ. ದಿನ ಎಣಿಸುವುದು ಪತ್ರ ಬರೆದ ದಿನದಿಂದಲ್ಲ, ತಲುಪಿದ ದಿನದಿಂದ ಎಂದು ಅದರಲ್ಲಿತ್ತು. ಹಾಗಾಗಿ ಒಪ್ಪಂದದಲ್ಲಿರುವ ವಿಳಾಸಕ್ಕೇ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಒಂದು ಪ್ರತಿ, ಇಮೇಲಿನಲ್ಲಿ ಒಂದು ಪ್ರತಿ ಕಳಿಸಿ, ಕೊನೆಯ ದಿನಾಂಕಕ್ಕೆ ಒಂದು ವಾರ ಹೆಚ್ಚೇ ಸೇರಿಸಿದೆ. ಓಣಂ ಸರಕು ಪೂರ್ತಿ ಕೈಸೇರಿದ ಮೇಲೆಯೇ ಪತ್ರ ಹೊರಟಿತು.

ಒಪ್ಪಂದ ಇಂಗ್ಲಿಷಿನಲ್ಲಿದ್ದುದರಿಂದ ಪತ್ರವೂ ಇಂಗ್ಲಿಷಿನಲ್ಲೇ. ಅದರ ತಿರುಳು ಕನ್ನಡದಲ್ಲಿ ಇಷ್ಟು: "ನಮ್ಮ ನಡುವಿನ ಸರಬರಾಜು ಒಪ್ಪಂದವನ್ನು ಅದರ ನೋಟಿಸ್ ಷರತ್ತಿನಂತೆ ಇಂಥ ದಿನಾಂಕಕ್ಕೆ ಮುಕ್ತಾಯಗೊಳಿಸುತ್ತಿದ್ದೇವೆ. ಅಲ್ಲಿಯವರೆಗೆ ಕೆಳಗಿನ ಎರಡು ಆರ್ಡರುಗಳು ಎಂದಿನಂತೆ ನಡೆಯಲಿ. ಸಿಲಿಂಡರುಗಳನ್ನು ಪಟ್ಟಿಯಂತೆ ಹಿಂತಿರುಗಿಸಲು ಮತ್ತು ಲೆಕ್ಕ ತಾಳೆ ನೋಡಲು ದಿನ ಗೊತ್ತುಮಾಡಿ ತಿಳಿಸಿ. ಹಿಂದೆ ಬರೆದಿರುವ ಆಕ್ಷೇಪಗಳ ಇತ್ಯರ್ಥ ಬೇರೆಯಾಗಿ ನಡೆಯುತ್ತದೆ. ಇಷ್ಟು ವರ್ಷಗಳ ಸಹಕಾರಕ್ಕೆ ಕೃತಜ್ಞತೆಗಳು." ಆಕ್ಷೇಪದ ಆ ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ನಯವಾದ ಪತ್ರವನ್ನೇ ತೋರಿಸಿ "ನಿಮಗೆ ಯಾವ ತಕರಾರೂ ಇರಲಿಲ್ಲವಲ್ಲ" ಎನ್ನಬಹುದು. "ಘಟಕ ಮುಚ್ಚುತ್ತಿದ್ದೇವೆ" ಎಂಬಂಥ ಸುಳ್ಳು ಕಾರಣವನ್ನೂ ಬರೆಯಲಿಲ್ಲ. ತಲಪಾಡಿ ಗಡಿ ದಾಟಿದರೆ ಅವರ ಊರು, ಎಲ್ಲ ಸುದ್ದಿಯೂ ತಲುಪುತ್ತದೆ.

ಪತ್ರ ಕೈಸೇರುವ ಮೊದಲೇ ನಾನೇ ಫೋನ್ ಮಾಡಿದೆ. "ಏನು ತಪ್ಪಾಯಿತು ಹೇಳಿ ಅಣ್ಣ, ಕಿಲೋಗೆ ಹನ್ನೆರಡು ರೂಪಾಯಿ ಇಳಿಸುತ್ತೇನೆ" ಎಂದರು. "ದರದ ವಿಷಯವಲ್ಲ, ನಮ್ಮ ಖರೀದಿಯ ವ್ಯವಸ್ಥೆ ಬದಲಾಯಿಸುತ್ತಿದ್ದೇವೆ. ನೀವು ನಾಳೆ ಪತ್ರ ನೋಡಿ" ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಕಾರಣಗಳ ಪಟ್ಟಿ ಬಿಚ್ಚಿದರೆ ಪ್ರತಿಯೊಂದಕ್ಕೂ ಅವರ ಬಳಿ ಸಮಾಧಾನ ಇರುತ್ತದೆ, ಮಾತು ಮುಗಿಯುವುದಿಲ್ಲ.

ಸಿಲಿಂಡರ್ ಬಿಟ್ಟುಕೊಡುವಾಗ ಸ್ವಲ್ಪ ಎಳೆದಾಡಿದರು. ಹಳೆಯ ಬಿಲ್ಲುಗಳಲ್ಲಿ "ಸಿಲಿಂಡರ್ ಶುಲ್ಕ" ಪ್ರತ್ಯೇಕ ಸಾಲಾಗಿ, ತೆರಿಗೆ ಸಹಿತ ಇತ್ತು. ಅದರ ಪ್ರತಿ ಕಳಿಸಿದ ಮೇಲೆ ಮಾಲೀಕತ್ವದ ಮಾತು ಅಲ್ಲಿಗೇ ನಿಂತಿತು. ಪೌಚಿನ ದರದಲ್ಲೇ ಸಿಲಿಂಡರ್ ಸೇರಿಸಿಕೊಂಡವರಿಗೆ ಈ ಬಲ ಇರುವುದಿಲ್ಲ. ಬಂದದ್ದು ನಮ್ಮದೇ ಸಿಲಿಂಡರ್ ಹೌದೋ ಎಂದು ಪತ್ತೆ ಮಾಡಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಿಲಿಂಡರ್ ವಾಪಸು ತರುವುದು ಮಾರಾಟವಲ್ಲದ ಕಾರಣ ಸಾಗಾಟಕ್ಕೆ ಡೆಲಿವರಿ ಚಲನ್ ಬೇಕು. ಮೌಲ್ಯ ಐವತ್ತು ಸಾವಿರ ದಾಟಿದ್ದರಿಂದ ಇ-ವೇ ಬಿಲ್ ಕೂಡ. ಉಳಿದ ಮುದ್ರಿತ ಫಿಲ್ಮನ್ನು ಕತ್ತರಿಸಿ ನಾಶಮಾಡಿದ್ದಕ್ಕೆ ಬರಹದಲ್ಲಿ ದೃಢೀಕರಣ ಪಡೆದೆ. ಅದರ ಮೇಲೆ ನಮ್ಮ ಆಹಾರ ಪರವಾನಗಿಯ ಸಂಖ್ಯೆ ಇದೆ.

ಸಿಲಿಂಡರ್ ಹಳಬರ ಬಳಿ ಇರುವ ತನಕ ಹೊಸಬರು ಮುದ್ರಿಸುವಂತಿಲ್ಲ. ಆ ನಡುವಿನ ದಿನಗಳಿಗೆಂದು ನಾನು ಕೊನೆಯ ಆರ್ಡರಿನಲ್ಲೇ ಎರಡೂವರೆ ತಿಂಗಳ ಪೌಚು ತರಿಸಿಟ್ಟೆ. ಒಂದು ಪಕ್ಕದ ಪ್ರಯೋಗವಾಗಿ ಮುದ್ರಣವಿಲ್ಲದ ಬೆಳ್ಳಿ ಬಣ್ಣದ ಪೌಚಿಗೆ ಲೇಬಲ್ ಅಂಟಿಸಿಯೂ ನೋಡಿದೆ. ತುಲಾ ಮಾಸದ ಮಳೆಯ ತೇವಕ್ಕೆ ಅಂಚು ಸುರುಳಿಯಾಗಿ, ಕುಂಬಳೆಯ ಅಂಗಡಿಯವರೇ ಬೇಡ ಎಂದರು. ಮರಗೆಣಸಿನ ಚಿಪ್ಸಿನ ಸಣ್ಣ ಪ್ಯಾಕಿಗೆ ಮಾತ್ರ ಪರವಾಗಿರಲಿಲ್ಲ.

ಲೆಕ್ಕ ಹೀಗೆ ಮುಗಿಯಿತು: ನಮ್ಮ ಮುಂಗಡ ನಲವತ್ತು ಸಾವಿರದಷ್ಟಿತ್ತು. ವಾಸನೆಯ ಲಾಟಿಗೆ ಇಪ್ಪತ್ತು ಇಪ್ಪತ್ತೆರಡು ಸಾವಿರಕ್ಕೆ ತೆರಿಗೆ ಸಹಿತ ಕ್ರೆಡಿಟ್ ನೋಟ್ ಕೊಟ್ಟರು. ಕೊನೆಯ ಬಿಲ್ಲಿಗೆ ಎರಡನ್ನೂ ವಜಾ ಮಾಡಿ ಉಳಿದದ್ದನ್ನು ಅದೇ ವಾರ ಕಟ್ಟಿ, "ಬಾಕಿ ಇಲ್ಲ" ಎಂದು ಇಬ್ಬರೂ ಸಹಿ ಹಾಕಿದೆವು. ಪದರ ಬಿಚ್ಚಿದ ಲಾಟುಗಳ ಹಣ ಪೂರ್ತಿ ಸಿಗಲಿಲ್ಲ, ಅರ್ಧಕ್ಕೆ ಒಪ್ಪಿದೆ.

ಹೊಸಬರು ಯಾರು, ದರ ಎಷ್ಟು ಎಂಬುದು ನನ್ನಲ್ಲೇ ಇರಲಿ. ನೋಟಿಸ್ ಕೊಡುವ ಮೊದಲೇ ಅವರ ಯಂತ್ರಕ್ಕೆ ನಿಮ್ಮ ಸಿಲಿಂಡರಿನ ಉದ್ದ ಮತ್ತು ಸುತ್ತಳತೆ ಹೊಂದುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಹೊಂದದಿದ್ದರೆ ವಾಪಸು ಬಂದ ಸಿಲಿಂಡರ್ ಗುಜರಿಯ ಕಬ್ಬಿಣ. ನಮ್ಮದರಲ್ಲಿ ಹದಿಮೂರು ನೇರವಾಗಿ ಯಂತ್ರಕ್ಕೆ ಏರಿದವು, ಕ್ರೋಮ್ ಸವೆದಿದ್ದ ಎರಡಕ್ಕೆ ಮರುಲೇಪನ ಮಾಡಿಸಬೇಕಾಯಿತು.